ಇಲಿ ಕಡಿದ ಟ್ಯೂಬು

ದೇವದುರ್ಗದ ಹತ್ತಿರದ ಹಳ್ಳಿಯಿಂದ ರಾಯಚೂರಿಗೆ ಬಂದಾಗ ಹುಲಿಗೆಪ್ಪನಿಗೆ ಇಪ್ಪತ್ತೊಂಬತ್ತು ವರ್ಷ. ಗಂಜ್ ಮಾರುಕಟ್ಟೆಯಲ್ಲಿ ಎರಡು ತಿಂಗಳು ಹಮಾಲಿ ಮಾಡಿದ. ಆಮೇಲೆ ಗ್ಯಾಸ್ ಏಜೆನ್ಸಿಯೊಂದರಲ್ಲಿ ಸಿಲಿಂಡರ್ ಹೊರುವ ಕೆಲಸ ಹಿಡಿದ. ಈಗ ಅವನಿಗೆ ನಲವತ್ತೆಂಟು. ಬಲಗಡೆಯ ಭುಜ ಎಡಗಡೆಯದಕ್ಕಿಂತ ಒಂದು ಬೆರಳು ಕೆಳಗಿದೆ. ಸಂಬಳ ಕಡಿಮೆ, ಮನೆಗೆ ಮುಟ್ಟಿಸಿದ ಸಿಲಿಂಡರಿಗೆ ಇಷ್ಟು ಎಂದು ಸಿಗುವುದೇ ಹೆಚ್ಚು. ಹೀಗಾಗಿ ಒಂದು ಮನೆ ಕಡಿಮೆಯಾದರೂ ಅವನಿಗೆ ಗೊತ್ತಾಗುತ್ತದೆ.

ಊರಿನ ಹೊರವಲಯದ ಒಂದು ಓಣಿಯಲ್ಲಿ ಇಪ್ಪತ್ತೆರಡು ಮನೆಗಳು ಅವನ ಪಾಲಿಗೆ ಇವೆ. ಆ ಮನೆಗಳಲ್ಲಿ ಅವನು ಬಾಗಿಲಲ್ಲಿ ನಿಲ್ಲುವವನಲ್ಲ. ಚಪ್ಪಲಿ ಬಿಟ್ಟು ಅಡುಗೆಮನೆಯವರೆಗೆ ಹೋಗುತ್ತಾನೆ, ರೆಗ್ಯುಲೇಟರ್ ಕೂಡಿಸುತ್ತಾನೆ, ಸೋಪಿನ ನೀರು ಹಚ್ಚಿ ಗುಳ್ಳೆ ಏಳುತ್ತದೆಯೋ ನೋಡುತ್ತಾನೆ, ಒಲೆ ಹಚ್ಚಿ ತೋರಿಸಿ ಬರುತ್ತಾನೆ. ಮನೆಯ ಗಂಡಸರು ಇಲ್ಲದಾಗ ಒಳಗೆ ಬರಬಹುದಾದ ಕೆಲವೇ ಹೊರಗಿನವರಲ್ಲಿ ಅವನೊಬ್ಬ. ಆ ಓಣಿಯ ನಾಲ್ಕನೆಯ ಮನೆ ಮಹಾಂತಮ್ಮನವರದು. ಮಗ ಶಿವರಾಜ ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಾನೆ. ಸೊಸೆ ವಿಶಾಖಾ ಮಾನ್ವಿಯವಳು. ಎರಡು ಮಕ್ಕಳು. ಇರುವುದು ಒಂದೇ ಸಿಲಿಂಡರ್.

ಕಳೆದ ಫೆಬ್ರವರಿಯಲ್ಲಿ ಮುಖ್ಯರಸ್ತೆಯ ಬದಿಯಲ್ಲಿ ಕಾಲುವೆ ತೋಡಿ ಪೈಪು ಇಳಿಸಲು ಶುರುಮಾಡಿದರು. ಪೈಪ್ ಗ್ಯಾಸ್ ಕಂಪನಿಯ ಉದಯಕುಮಾರ ಎಂಬ ಹುಡುಗ ಮನೆಮನೆಗೆ ಬಂದು ವಿವರ ಹೇಳಿದ. ಆರು ಸಾವಿರ ರೂಪಾಯಿ ಠೇವಣಿ. ಸಂಪರ್ಕ ಬಿಟ್ಟರೆ ವಾಪಸ್ಸು. ಒಮ್ಮೆಗೇ ಆಗದಿದ್ದರೆ ಬಿಲ್ಲಿನ ಜೊತೆ ಕಂತು. ಹದಿನೈದು ಮೀಟರ್‌ವರೆಗೆ ಪೈಪಿಗೆ ಬೇರೆ ಹಣವಿಲ್ಲ, ಅದಕ್ಕಿಂತ ಉದ್ದವಾದರೆ ಮೀಟರಿಗೆ ಇಷ್ಟೆಂದು. ಬಳಸಿದಷ್ಟಕ್ಕೆ ಎರಡು ತಿಂಗಳಿಗೊಮ್ಮೆ ಬಿಲ್ಲು. ಒಲೆಯಲ್ಲಿ ಗ್ಯಾಸ್ ಬಿಡುವ ಜೆಟ್‌ಗಳನ್ನು ಅವರೇ ಬದಲಿಸುತ್ತಾರೆ. ಬುಕ್ ಮಾಡುವುದಿಲ್ಲ, ಕಾಯುವುದಿಲ್ಲ. ಒಂದೇ ಷರತ್ತು: ಓಣಿಯಲ್ಲಿ ಕನಿಷ್ಠ ಹನ್ನೆರಡು ಮನೆಯವರು ಹೆಸರು ಬರೆಸಿದರೆ ಮಾತ್ರ ಪೈಪು ಒಳಗೆ ಬರುತ್ತದೆ.

ವಿಶಾಖಾ ಅವತ್ತೇ ಅರ್ಜಿ ತುಂಬಿಟ್ಟಳು.

ಹುಲಿಗೆಪ್ಪನ ಚಿಕ್ಕಪ್ಪನ ಮಗ ತಿರುಪತಿ ಬೇರೊಂದು ಊರಿನಲ್ಲಿ ಇದೇ ಕೆಲಸದಲ್ಲಿದ್ದ. ಪೈಪು ಬಂದ ಮೇಲೆ ಅವನ ಏಜೆನ್ಸಿಯಲ್ಲಿ ಹದಿನಾಲ್ಕು ಮಂದಿ ಇದ್ದವರು ಐದಕ್ಕೆ ಇಳಿದಿದ್ದರು. ತಿರುಪತಿ ಉಳಿದ ಐವರಲ್ಲಿ ಇರಲಿಲ್ಲ. ಅದನ್ನು ಫೋನಿನಲ್ಲಿ ಕೇಳಿದ ವಾರದಲ್ಲೇ ಹುಲಿಗೆಪ್ಪ ಬೇರೆ ಓಣಿಯ ಮನೆಯೊಂದರಲ್ಲಿ ಸಿಲಿಂಡರಿನ ರಬ್ಬರ್ ಟ್ಯೂಬು ಬದಲಿಸಿದ. ಐದು ವರ್ಷಕ್ಕೊಮ್ಮೆ ಬದಲಿಸಬೇಕಾದ ಟ್ಯೂಬನ್ನು ಆ ಮನೆಯವರು ಒಂಬತ್ತು ವರ್ಷ ಇಟ್ಟುಕೊಂಡಿದ್ದರು. ಒಂದು ಕಡೆ ಇಲಿ ಕಡಿದು ಒಳಗಿನ ತಂತಿ ಕಾಣುತ್ತಿತ್ತು. ಅವನು ಅದನ್ನು ಎಸೆಯಲಿಲ್ಲ. ಗಾಡಿಯ ಸೀಟಿನ ಕೆಳಗೆ ಇಟ್ಟುಕೊಂಡ.

ಮಹಾಂತಮ್ಮನವರ ಪಡಸಾಲೆಯಲ್ಲಿ ಅದನ್ನು ಹೊರತೆಗೆದ.

"ಇದು ನೋಡ್ರಿ ಯವ್ವಾ, ಪೈಪ್ ಗ್ಯಾಸಿಂದು. ನಮ್ಮ ತಿರುಪತಿ ಇರೋ ಊರಾಗ ಇಲಿ ಕಡದದ. ಸಿಲಿಂಡರ್ ಆದ್ರ ಖಾಲಿ ಆದ್ಮ್ಯಾಲ ನಿಲ್ತದ. ಇದು ನಳ ಇದ್ದಂಗ, ಬರ್ತಾನೇ ಇರ್ತದ. ಒಂದು ಮನ್ಯಾಗ ಹತ್ತಿದ್ರ ಓಣಿನೇ ಹೋಗ್ತದ."

ವಿಶಾಖಾ ಒಳಗಿನಿಂದ ಬಂದಳು. "ಅಣ್ಣಾ, ಅವ್ರದು ನೆಲದಾಗ ಒಂದು ಮೀಟರ್ ಆಳದಾಗ ಇರ್ತದ. ಮನ್ಯಾಗ ಲೋಹದ ಪೈಪು. ಬಂದ್ ಮಾಡಾಕ ಹೊರಗೊಂದು ಒಳಗೊಂದು ವಾಲ್ವ್ ಅದ. ಸೋರಿದ್ರೂ ಗಾಳಿಗಿಂತ ಹಗುರ, ಮ್ಯಾಲ ಹೋಗ್ತದಂತ."

"ಕಾಗದದಾಗ ಬರದದ್ದು ನೀ ಓದಿದಿ ತಂಗಿ. ನಾ ಕೈಯಾಗ ಹಿಡದೀನಿ."

ಅತ್ತೆ ಸೊಸೆಯ ಕೈಯಿಂದ ಅರ್ಜಿ ಇಸಿದುಕೊಂಡು ದೇವರ ಜಗಲಿಯ ಕೆಳಗಿನ ಖಾನೆಯಲ್ಲಿ ಇಟ್ಟರು. "ಹತ್ತೊಂಬತ್ತು ವರ್ಷದಿಂದ ನಮ್ಮ ಒಲಿ ನೋಡಾಕತ್ಯಾನ. ಆ ಹುಡುಗ ನಿನ್ನೆ ಬಂದಾನ" ಎಂದರು.

ಅದೇ ಟ್ಯೂಬನ್ನು ಹುಲಿಗೆಪ್ಪ ಇನ್ನೂ ಹತ್ತು ಮನೆಗಳಲ್ಲಿ ತೋರಿಸಿದ. ಓಣಿಯಲ್ಲಿ ಹೆಸರು ಬರೆಸಿದವರು ನಾಲ್ಕೇ ಮನೆಯವರು. ಪೈಪು ತಿರುವಿನವರೆಗೆ ಬಂದು ನಿಂತಿತು.

ಜುಲೈ ಕೊನೆಗೆ ಸಿಲಿಂಡರ್ ಲಾರಿಗಳು ತಡವಾಗತೊಡಗಿದವು. ಒಂದು ಸಿಲಿಂಡರಿಗೂ ಇನ್ನೊಂದಕ್ಕೂ ನಡುವೆ ಇಂತಿಷ್ಟು ದಿನ ಕಳೆಯದೆ ಬುಕಿಂಗ್ ಆಗುತ್ತಿರಲಿಲ್ಲ. ಬುಕ್ ಆದ ಮೇಲೂ ಎಂಟು, ಹತ್ತು, ಹನ್ನೆರಡು ದಿನ. ಏಜೆನ್ಸಿಯ ಮುಂದೆ ಬೆಳಗ್ಗೆ ಆರಕ್ಕೇ ಖಾಲಿ ಸಿಲಿಂಡರುಗಳ ಸಾಲು. ಮಹಾಂತಮ್ಮ ದಿನಕ್ಕೆರಡು ಸಲ ಫೋನ್ ಮಾಡಿದರು. ಲೋಡು ಬಂದಿಲ್ಲ ಎನ್ನುವುದನ್ನು ಬಿಟ್ಟು ಅವನಿಗೆ ಹೇಳಲು ಬೇರೇನೂ ಇರಲಿಲ್ಲ. ಅದು ನಿಜವೂ ಆಗಿತ್ತು.

ಶ್ರಾವಣದ ಸೋಮವಾರ ಅವರ ಮನೆಯಲ್ಲಿ ಜಂಗಮರಿಗೆ ಊಟ ಬಡಿಸುವ ಪದ್ಧತಿ. ಮನೆಯವರ ಊಟ ಆಮೇಲೆ. ಅಡುಗೆ ಹೊರಗಿನಿಂದ ತರಿಸುವಂತಿಲ್ಲ. ಶನಿವಾರವೇ ಗ್ಯಾಸ್ ಮುಗಿದಿತ್ತು. ಶಿವರಾಜ ಅಂಗಡಿಯೊಂದರಲ್ಲಿ ಕದ್ದು ತುಂಬಿಕೊಡುವ ಸಣ್ಣ ಸಿಲಿಂಡರ್ ತಂದ. ಅದರ ತಲೆಗೇ ಬರ್ನರ್ ಕೂಡಿಸುವಂಥದು. ಅದರ ವಾಷರ್ ಸವೆದಿತ್ತು. ಸೋರಿದ ಗ್ಯಾಸು, ಗಾಳಿಗಿಂತ ಭಾರವಾದ್ದರಿಂದ, ಮುಚ್ಚಿದ ಅಡುಗೆಮನೆಯ ನೆಲದ ಮೇಲೆ ಹರಡಿಕೊಂಡಿತ್ತು. ಸೋಮವಾರ ಬೆಳಗ್ಗೆ ಹೂರಣ ಬೇಯಿಸಲು ವಿಶಾಖಾ ಕುಕ್ಕರಗಾಲಲ್ಲಿ ಕೂತು ಲೈಟರ್ ಒತ್ತಿದಳು.

ಹುಲಿಗೆಪ್ಪನಿಗೆ ಇದೇನೂ ಗೊತ್ತಿರಲಿಲ್ಲ. ಗುರುವಾರ ಸಿಲಿಂಡರ್ ಹೊತ್ತು ಒಳಗೆ ಹೋದಾಗ ಅಡುಗೆಮನೆಯ ಗೋಡೆಯ ಕೆಳಭಾಗ ಮೊಣಕಾಲಿನ ಎತ್ತರಕ್ಕೆ ಕಪ್ಪಾಗಿತ್ತು. ವಿಶಾಖಾ ಬಾಗಿಲ ಹತ್ತಿರ ಸ್ಟೂಲಿನ ಮೇಲೆ ಕೂತಿದ್ದಳು. ಎರಡೂ ಪಾದಕ್ಕೆ, ಎಡಗೈಗೆ ಮೊಣಕೈವರೆಗೆ ಬ್ಯಾಂಡೇಜ್. ಹುಬ್ಬು ಇರಲಿಲ್ಲ.

ಪಕ್ಕದ ಮನೆಯ ಕುಬ್ರಾ ಬೇಗಂ ರೊಟ್ಟಿ ಬುಟ್ಟಿ ಹಿಡಿದು ಬಂದಿದ್ದರು. ಅವರ ಮುಂದೆಯೇ ಮಹಾಂತಮ್ಮ ಅವನ ಭುಜ ಮುಟ್ಟಿದರು.

"ಇವನೇ ನೋಡ್ರಿ ನಮ್ಮನ್ನ ಉಳಿಸಿದಾವ. ಇಷ್ಟು ಸಣ್ಣ ಸಿಲಿಂಡರಿನಾಗ ಹಿಂಗಾತು. ಪೈಪ್ ಹಾಕಿಸಿಕೊಂಡಿದ್ರ ಏನಾಗ್ತಿತ್ತು? ನನ್ನ ಸೊಸಿ ಜೀವ ಉಳದದ್ದು ಹುಲಿಗೆಪ್ಪನಿಂದ. ನಾ ಓಣಿಗೆಲ್ಲ ಹೇಳೀನಿ."

ಕುಬ್ರಾ ಬೇಗಂ ತಲೆಯಾಡಿಸಿದರು. "ನಾವೂ ಹೆಸರು ತೆಗಿಸಿಬಿಟ್ವಿ. ನಾಲ್ಕಿದ್ದದ್ದು ಈಗ ಮೂರು."

ಹುಲಿಗೆಪ್ಪ ಬಗ್ಗಿ ರೆಗ್ಯುಲೇಟರ್ ಕೂಡಿಸಿದ. ಸೋಪಿನ ನೀರು ಹಚ್ಚಿದ. ಗುಳ್ಳೆ ಏಳಲಿಲ್ಲ. ಆದರೂ ಇನ್ನೊಮ್ಮೆ ಹಚ್ಚಿದ. ವಿಶಾಖಾ ಫೋನಿಗೆ ಬಂದ ಡೆಲಿವರಿ ನಂಬರನ್ನು ಮಾತ್ರ ಒಂದೊಂದೇ ಅಂಕೆಯಾಗಿ ಓದಿ ಹೇಳಿದಳು.

ತಿರುವಿನಲ್ಲಿ ಉದಯಕುಮಾರ ಸಿಕ್ಕ. ಶನಿವಾರ ಈ ಭಾಗದ ಪಟ್ಟಿ ಮುಗಿಯುತ್ತದೆ, ಗುತ್ತಿಗೆದಾರನ ತಂಡ ಊರಿನ ಆ ಕಡೆಗೆ ಹೋಗುತ್ತದೆ, ಮತ್ತೆ ಈ ಕಡೆ ಯಾವಾಗ ಬರುತ್ತದೋ ಗೊತ್ತಿಲ್ಲ ಎಂದ. "ನಿಮ್ಮ ಓಣಿ ಹೆಣ್ಮಕ್ಕಳು ನನ್ನ ನೋಡಿದ್ರ ಬಾಗಿಲಾ ಹಾಕ್ಕೊಂತಾರ್ರಿ ಅಣ್ಣಾ. ಯಾರೋ ತಲ್ಯಾಗ ಏನೋ ತುಂಬ್ಯಾರ." ಅವನಿಗೆ ಯಾರೆಂದು ಗೊತ್ತಿರಲಿಲ್ಲ.

ಮಧ್ಯಾಹ್ನ ಮನೆಯಲ್ಲಿ ಹುಲಿಗೆಪ್ಪ ಉಣ್ಣಲಿಲ್ಲ. ಹೆಂಡತಿ ಆದೆಮ್ಮ ಕಾರಣ ಕೇಳಿದಳು. ಎಲ್ಲ ಹೇಳಿದ, ಟ್ಯೂಬಿನ ವಿಷಯ ಅವಳಿಗೂ ಅವತ್ತೇ ಗೊತ್ತಾದದ್ದು.

"ಬೈದಿದ್ರ ಚಲೋ ಇತ್ತು" ಎಂದ. "ಆಕಿ ನನ್ನ ಭುಜ ಮುಟ್ಟಿದ್ಳು."

"ಕೆಲಸ ಹೋಗ್ತದ ಅಂತ ಹೆದರಿದಿ. ಅದು ತಪ್ಪಲ್ಲ" ಎಂದಳು ಆದೆಮ್ಮ. "ಸುಳ್ಳು ಹೇಳಿದ್ದು ತಪ್ಪು. ಶನಿವಾರಕ್ಕ ಎಷ್ಟು ದಿನ ಅದ?"

"ಎರಡು."

"ಮತ್ತ ಇಲ್ಲಿ ಕುಂತು ಏನು ಮಾಡಾಕತ್ತಿ?"

ಶುಕ್ರವಾರ ಬೆಳಗ್ಗೆ ಅವನು ಸಿಲಿಂಡರ್ ಇಲ್ಲದೆ ಆ ಮನೆಗೆ ಹೋದ. ಮಹಾಂತಮ್ಮ ಲಿಂಗಪೂಜೆ ಮುಗಿಸಿ ವಿಭೂತಿಯ ಹಣೆಯಲ್ಲಿ ಹೊರಗೆ ಬಂದರು. "ಬಾರಪಾ, ಚಾ ಕುಡಿ" ಎಂದರು. ಅವನು ಚಪ್ಪಲಿ ಬಿಡಲಿಲ್ಲ.

"ಯವ್ವಾ, ಆ ಟ್ಯೂಬು ಪೈಪ್ ಗ್ಯಾಸಿಂದಲ್ರಿ. ಸಿಲಿಂಡರಿಂದು. ಆ ಕಡಿ ಓಣ್ಯಾಗ ನಾನೇ ಬಿಚ್ಚಿದ್ದು."

ಮಹಾಂತಮ್ಮನವರಿಗೆ ತಕ್ಷಣ ತಿಳಿಯಲಿಲ್ಲ. "ಯಾವ ಟ್ಯೂಬು?"

"ಇಲಿ ಕಡದದ್ದು. ಯಾವ ಊರಾಗೂ ಹಂಗ ಆಗಿಲ್ಲ. ನನ್ನ ಕೆಲಸ ಹೋಗ್ತದಂತ ಸುಳ್ಳು ಹೇಳಿದೆ. ತಂಗಿ ಹೇಳಿದ್ದೇ ಖರೆ."

ಒಳಗೆ ಪಾತ್ರೆಯ ಸದ್ದು ನಿಂತಿತು. ವಿಶಾಖಾ ಗೋಡೆ ಹಿಡಿದು ಹೊಸ್ತಿಲವರೆಗೆ ಬಂದಳು. ಮಹಾಂತಮ್ಮ ಅವಳ ಪಾದದ ಕಡೆ ನೋಡಿದರು, ಆಮೇಲೆ ಅವನ ಕಡೆ.

"ಅವತ್ತು ಹೇಳಬೇಕಿತ್ತು" ಎಂದರು. ದನಿ ಏರಲಿಲ್ಲ. "ಹೋಗಲಿ, ನಿನ್ನೆ ಹೇಳಬೇಕಿತ್ತು. ಕುಬ್ರಾ ಮುಂದ ನಾ ನಿನ್ನ ಹೊಗಳೂದಕ್ಕಿಂತ ಮೊದಲ."

"ಹೌದ್ರಿ."

"ಅಣ್ಣಾ" ಎಂದಳು ವಿಶಾಖಾ, "ಉಳದ ಮನಿಗೂ ಹೇಳ್ತೀರೇನು? ನಂದೊಂದೇ ಹೆಸರು ಬಂದ್ರ ಪೈಪ್ ಬರಂಗಿಲ್ಲ."

ಅವನು ಅವತ್ತು ಟ್ಯೂಬು ತೋರಿಸಿದ್ದ ಉಳಿದ ಹತ್ತು ಮನೆಗಳಿಗೂ, ಕುಬ್ರಾ ಬೇಗಂ ಅವರಲ್ಲಿಗೂ ಹೋದ. ಪ್ರತಿ ಬಾಗಿಲಲ್ಲೂ ಅದೇ ಮೂರು ವಾಕ್ಯ. ಒಬ್ಬಾಕೆ ನಕ್ಕರು: "ಏನಪಾ, ಪೈಪಿನವ್ರು ರೊಕ್ಕ ಕೊಟ್ರೇನು?" ಇನ್ನೊಬ್ಬರು ಮಾತು ಮುಗಿಯುವ ಮೊದಲೇ ಬಾಗಿಲು ಹಾಕಿದರು. ಕುಬ್ರಾ ಬೇಗಂ, "ನಮ್ಮ ಮನ್ಯಾಗ ಮಕ್ಕಳ್ನ ನಿಮ್ಮ ಮ್ಯಾಲ ಬಿಟ್ಟು ನಾ ದುಕಾನಿಗೆ ಹೋಗೀನಿ" ಎಂದರು. ಅಷ್ಟೇ ಎಂದರು.

ಶನಿವಾರ ಸಂಜೆ ಪಟ್ಟಿಯಲ್ಲಿ ಹದಿಮೂರು ಹೆಸರುಗಳಿದ್ದವು. ಸಿಲಿಂಡರನ್ನು ಏಜೆನ್ಸಿಗೆ ಒಪ್ಪಿಸಿ ಅದರ ಠೇವಣಿ ವಾಪಸ್ಸು ಪಡೆಯಲು ಯಾವ ಕಾಗದ ಬೇಕೆಂದು ವಿಶಾಖಾ ಫೋನಿನಲ್ಲಿ ಕೇಳಿದಳು. ಅವನು ಹೇಳಿದ.

ಅಕ್ಟೋಬರಿನಲ್ಲಿ ಓಣಿಯೊಳಗೆ ಕಾಲುವೆ ತೋಡಿದರು. ಮೀಟರ್ ಕೂಡಿಸುವುದು ಇನ್ನೂ ಬಾಕಿ ಇತ್ತು. ಅಲ್ಲಿಯವರೆಗೆ ಮಹಾಂತಮ್ಮನವರಿಗೆ ಒಂದು ಸಿಲಿಂಡರ್ ಬೇಕಾಯಿತು. ಹುಲಿಗೆಪ್ಪ ಹೊತ್ತು ತಂದ. ತೋಡಿದ ಮಣ್ಣಿನ ಗುಡ್ಡೆ ದಾಟಿ ಗೇಟಿನೊಳಗೆ ಕಾಲಿಡುವಷ್ಟರಲ್ಲಿ ಮಹಾಂತಮ್ಮ ಬಾಗಿಲಿಗೆ ಬಂದರು.

"ಅಲ್ಲೇ ಇಡಪಾ. ಶಿವರಾಜ ಒಳಗ ತಗೊಂತಾನ."

ಇಟ್ಟ. ಅವರು ಮೆಟ್ಟಿಲಿಳಿದು ಹತ್ತಿರ ಬಂದರು.

"ತೂಕ ಮಾಡಿ ತೋರಿಸು."

ಹಾಗೆ ಕೇಳುವುದು ಗಿರಾಕಿಯ ಹಕ್ಕು. ತಕ್ಕಡಿ ಗಾಡಿಯಲ್ಲೇ ಇರಬೇಕೆಂಬುದು ನಿಯಮ, ಇತ್ತು. ಹತ್ತೊಂಬತ್ತು ವರ್ಷದಲ್ಲಿ ಆ ಮನೆಯವರು ಒಮ್ಮೆಯೂ ಕೇಳಿರಲಿಲ್ಲ. ಹುಲಿಗೆಪ್ಪ ಸ್ಪ್ರಿಂಗ್ ತಕ್ಕಡಿಯ ಕೊಂಡಿಗೆ ಸಿಲಿಂಡರ್ ಸಿಕ್ಕಿಸಿ ಎರಡೂ ಕೈಯಿಂದ ಮೇಲಕ್ಕೆತ್ತಿದ. ಖಾಲಿ ತೂಕ ಹದಿನೈದು ಕೆಜಿ ಮುನ್ನೂರು ಗ್ರಾಂ ಎಂದು ಕೊರಳಿನ ಹತ್ತಿರ ಬರೆದಿತ್ತು. ಗ್ಯಾಸು ಹದಿನಾಲ್ಕು ಕೆಜಿ ಇನ್ನೂರು ಗ್ರಾಂ ಇರಬೇಕು. ಮುಳ್ಳು ಇಪ್ಪತ್ತೊಂಬತ್ತೂವರೆಗೆ ನಿಲ್ಲುವವರೆಗೆ ಮಹಾಂತಮ್ಮ ಕನ್ನಡಕ ಸರಿಮಾಡಿಕೊಂಡು ನೋಡಿದರು, ಬಾಯಲ್ಲಿ ಕೂಡಿಸಿದರು.

"ಸರಿ ಅದ" ಎಂದರು.

ಅವನು ಇನ್ನೂ ಎತ್ತಿ ಹಿಡಿದೇ ಇದ್ದ. ಇಳಿಸು ಎಂದು ಅವರು ಹೇಳಬೇಕಾಯಿತು.