ಉಳಿದುಕೊಳ್ಳುವ ಸ್ಥಳ

ಒಂಬತ್ತನೇ ತರಗತಿಯ ಆ ಸೆಪ್ಟೆಂಬರಿನಲ್ಲಿ ನಾನು ಇನ್ನೂ ಹೋಗದ ಊರಿನಲ್ಲಿ ವಾಸವಾಗಿದ್ದೆ. ಮಳೆ ಹಿಂದೆ ಸರಿದು, ನಮ್ಮ ಸಾಸ್ತಾನದ ಗದ್ದೆಗಳ ಮೇಲೆ ಬಿಸಿಲು ತೆಳ್ಳಗೆ ಹರಡಿತ್ತು. ಗಣಿತದ ಪಾಠ ನಡೆಯುತ್ತಿದ್ದರೆ ನಾನು ಮನಸ್ಸಿನಲ್ಲೇ ಶಿರೂರಿನಲ್ಲಿ ನಿದ್ದೆಯಿಂದ ಏಳುತ್ತಿದ್ದೆ. ಅಮ್ಮನ ಪಾತ್ರೆಯ ಸದ್ದು ಕೇಳದ ಒಂದು ಬೆಳಗನ್ನು ನಾನು ಅದುವರೆಗೆ ಕಂಡೇ ಇರಲಿಲ್ಲ. ಅದು ಹೇಗಿರುತ್ತದೆ ಎಂದು ನೋಡುವ ಆಸೆ ಥ್ರೋಬಾಲ್ ಆಡುವ ಆಸೆಗಿಂತ ದೊಡ್ಡದಾಗಿತ್ತು ಎಂದರೆ ಸುಳ್ಳಲ್ಲ.

ನಮ್ಮ ಶಾಲೆಯ ಹುಡುಗಿಯರ ಥ್ರೋಬಾಲ್ ತಂಡ ಶಿರೂರಿನ ಕಡೆಯ ಒಂದು ಶಾಲೆಯಲ್ಲಿ ನಡೆಯುವ ಎರಡು ದಿನದ ಪಂದ್ಯಕ್ಕೆ ಹೋಗುವುದಿತ್ತು. ಪಿ.ಟಿ. ಮಾಷ್ಟ್ರು ಪಾಲಕರಿಗೆ ಪತ್ರ ಬರೆದು ಜೆರಾಕ್ಸ್ ಮಾಡಿಸಿ ಹಂಚಿದರು. ಹೊರಡುವ ದಿನ, ಬಸ್ಸಿನ ಹೊತ್ತು, ತರಬೇಕಾದ ಚಾಪೆ, ತಟ್ಟೆ, ಲೋಟ ಎಲ್ಲ ಅದರಲ್ಲಿತ್ತು. 'ಉಳಿದುಕೊಳ್ಳುವ ಸ್ಥಳ' ಎಂಬಲ್ಲಿ ಹತ್ತಿರದ ದೇವಸ್ಥಾನದ ಛತ್ರ ಎಂದಿತ್ತು. ಕೆಳಗೆ ಹರಿದು ಕೊಡುವ ಚೀಟಿ: ಮಗಳನ್ನು ಕಳುಹಿಸಲು ನನ್ನ ಒಪ್ಪಿಗೆ ಇದೆ, ವಾಪಸು ಬರುವಾಗ ಅವಳು ಇಳಿಯುವ ಸ್ಟಾಪು ಇದು, ಕರೆದುಕೊಂಡು ಹೋಗಲು ಬರುವವರು ಇವರು, ಫೋನ್ ನಂಬರು, ಸಹಿ.

ನಮ್ಮ ತಂಡದ ನಾಯಕಿಗೆ ತಾಯಿ ಇರಲಿಲ್ಲ. ಅವಳ ಅಪ್ಪನಿಗೆ ಸೈಕಲ್ ರಿಪೇರಿಯ ಅಂಗಡಿ. ಪತ್ರ ಸಿಕ್ಕ ಸಂಜೆಯೇ ಅವರು ಟ್ಯೂಬಿಗೆ ಪ್ಯಾಚ್ ಹಾಕುತ್ತಿದ್ದ ಕೈಯಲ್ಲೇ ಸಹಿ ಹಾಕಿಬಿಟ್ಟರಂತೆ. ಗ್ರೀಸಿನ ಬೆರಳಚ್ಚು ಮೂಡಿದ ಆ ಚೀಟಿಯನ್ನು ಅವಳು ಮರುದಿನ ಎಲ್ಲರಿಗಿಂತ ಮೊದಲು ಕೊಟ್ಟಳು. ನನಗೆ ಹೊಟ್ಟೆ ಉರಿಯಿತು. ನಮ್ಮ ಮನೆಯ ಪತ್ರ ಅಡುಗೆಮನೆಯ ಕಪಾಟಿನ ಮೇಲೆ ತೆಪ್ಪಗೆ ಕುಳಿತಿತ್ತು.

ಜಿನಸಿನ ಅಂಗಡಿಯಿಂದ ಊಟಕ್ಕೆ ಬಂದ ಅಪ್ಪಯ್ಯನನ್ನು ಹಿಡಿದುಕೊಂಡೆ.

"ನಂದೆಂತ ತಕರಾರಿಲ್ಲೆ, ಹೋಯ್ ಬಾ. ಆರೆ ನಿನ್ನ ಅಮ್ಮ ಹೂಂ ಅನ್ಲಿ," ಎಂದರು ಅಪ್ಪಯ್ಯ.

ಅಮ್ಮ ಹೂಂ ಅನ್ನಲಿಲ್ಲ, ಊಹೂಂ ಕೂಡ ಅನ್ನಲಿಲ್ಲ. "ಕಾಂಬ" ಎಂದಳು. ನಮ್ಮ ಕಡೆ 'ಕಾಂಬ' ಎಂದರೆ ನೋಡೋಣ ಎಂದರ್ಥ. ಆದರೆ ಹಾಗೆಂದ ಎಷ್ಟೋ ಸಂಗತಿಗಳನ್ನು ಆಮೇಲೆ ಯಾರೂ ನೋಡಿದ್ದೇ ಇಲ್ಲ. ನನಗೆ ಅಳು ಬಂತು. ಮಲಗಿದರೆ ಬಸ್ಸು ನನ್ನನ್ನು ಬಿಟ್ಟು ತೆಕ್ಕಟ್ಟೆ ದಾಟಿ ಹೋಗುವ ಕನಸು. ಕನಸಿನ ಆ ಬಸ್ಸು ಸದ್ದೇ ಮಾಡುತ್ತಿರಲಿಲ್ಲ, ದೋಣಿಯ ಹಾಗೆ ಸುಮ್ಮನೆ ಸಾಗುತ್ತಿತ್ತು.

ಒಂದು ಮಧ್ಯಾಹ್ನ ಕಿಟಕಿಯಾಚೆ ನೋಡುತ್ತೇನೆ, ಛತ್ರಿ ಹಿಡಿದು ಅಮ್ಮ ಶಾಲೆಯ ಅಂಗಳ ದಾಟುತ್ತಿದ್ದಾಳೆ! ಇದೂ ಹಗಲುಗನಸೇ ಎಂದುಕೊಂಡೆ. ಅಷ್ಟರಲ್ಲಿ ನನಗೆ ಕರೆ ಬಂತು.

ಪಿ.ಟಿ. ಮಾಷ್ಟ್ರು ಜಗಲಿಯಲ್ಲಿ ಚೆಂಡಿಗೆ ಗಾಳಿ ಹೊಡೆಯುತ್ತಿದ್ದರು. "ಎಂತ ಅಮ್ಮ, ಒಪ್ಗೆ ಇಲ್ಯಾ?"

"ಇಲ್ಲೆ ಅಂದ್ ಅಲ್ಲ ಮಾಷ್ಟ್ರೆ. ಮಕ್ಕಳ್ ರಾತ್ರಿ ಛತ್ರದಗೇ ಮನಿಕಣ್ಕಾ? ಬೇರೆ ಜಾಗ ಇಲ್ಯಾ?"

"ದೇವಸ್ಥಾನದ ಛತ್ರ ಅಮ್ಮ. ಅದಕ್ಕಿಂತ ಒಳ್ಳೆ ಜಾಗ ಎಲ್ಲಿತ್ತ್?"

"ಒಳ್ಳೆ ಜಾಗವೇ. ಅದ್ಕೇ ಕೇಂಡದ್."

ಮಾಷ್ಟ್ರಿಗೆ ತಲೆಬುಡ ಅರ್ಥವಾಗಲಿಲ್ಲ. ಅಮ್ಮನಿಗೆ ರೂಮು, ಫ್ಯಾನು ಬೇಕಾಗಿದೆ ಎಂದುಕೊಂಡರೋ ಏನೋ, ಅವರ ಮುಖ ಸಣ್ಣದಾಯಿತು. ಅಮ್ಮ ಸೆರಗಿನ ತುದಿ ತಿರುಚುತ್ತ ನಿಂತಳು. ನನಗಂತೂ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆಗ ಪಕ್ಕದ ಕೋಣೆಯಿಂದ ಕತ್ತರಿ ಹಿಡಿದೇ ಹೊರಬಂದ ಹೊಲಿಗೆ ಟೀಚರು ಒಮ್ಮೆ ಅಮ್ಮನನ್ನು, ಒಮ್ಮೆ ನನ್ನನ್ನು ನೋಡಿದರು. ಅಮ್ಮನನ್ನು ಜಗಲಿಯ ಆ ತುದಿಗೆ ಕರೆದುಕೊಂಡು ಹೋದರು. ಇಬ್ಬರೂ ತಲೆ ಬಗ್ಗಿಸಿ ಅದೇನೋ ಮಾತಾಡಿದರು. ಮರಳಿ ಬಂದ ಟೀಚರು ಮಾಷ್ಟ್ರಿಗೆ ಹೇಳಿದ್ದು ಇಷ್ಟೇ: "ಛತ್ರ ಬೇಡ ಮಾಷ್ಟ್ರೆ. ಆ ಶಾಲಿಯದ್ದೇ ಒಂದ್ ಕ್ಲಾಸ್ ರೂಮ್ ಕೇಣಿ. ನಾನೂ ಮಕ್ಕಳ್ ಒಟ್ಟಿಗೆ ಬತ್ತೆ."

ಮನೆಯ ದಾರಿಯಲ್ಲಿ ಅಮ್ಮ ಬಾಯಿಬಿಟ್ಟಳು. "ಆ ಎರಡ್ ದಿನದಗೆ ನೀ ಹೊರಗಾಪುದಿಲ್ಲೆ ಅಂದ್ ಯಾರ್ ಬರ್ಕೊಟ್ಟಿರ್? ಆರೆ ದೇವಸ್ಥಾನದ ಛತ್ರದಗೆ ನಿನ್ನ ಎಲ್ಲಿ ಕೂರ್ಸುದ್? ಆ ಮಾಷ್ಟ್ರಿಗೆ ನಾ ಹ್ಯಾಂಗ್ ಹೇಳುದ್?"

ನಮ್ಮಲ್ಲಿ ಮುಟ್ಟಾದವರು ಮೂರು ದಿನ ಹೊರಗಿನ ಕೋಣೆಯಲ್ಲಿರುತ್ತಿದ್ದರು, ದೇವಸ್ಥಾನದ ಕಡೆ ಸುಳಿಯುತ್ತಲೂ ಇರಲಿಲ್ಲ. ಅದು ಸರಿಯೇ ಎಂದು ಕೇಳಿ ಜಗಳವಾಡುವ ಬಾಯಿ ಈಗ ನನಗಿದೆ, ಆಡಿದ್ದೇನೆ ಕೂಡ. ಆಗ ಬೇಕಾಗಿದ್ದದ್ದು ಆ ಬಸ್ಸು ಮಾತ್ರ.

ಎರಡನೆಯ ಪತ್ರ ಬಂತು. ಉಳಿದುಕೊಳ್ಳುವ ಸ್ಥಳ: ಪಂದ್ಯ ನಡೆಯುವ ಶಾಲೆಯ ತರಗತಿ ಕೋಣೆ. ಜೊತೆಗೆ ಬರುವವರು: ದೈಹಿಕ ಶಿಕ್ಷಕರು ಮತ್ತು ಹೊಲಿಗೆ ಶಿಕ್ಷಕಿ. ಅಮ್ಮ ಅದನ್ನು ಓದಿ, ಒಲೆಯ ಮುಂದಿನಿಂದ ಏಳದೆ ಸಹಿ ಹಾಕಿದಳು. ತಮಾಷೆ ಎಂದರೆ, ಅಲ್ಲಿಯವರೆಗೆ 'ನಾಳೆ', 'ಮರೆತೆ' ಎನ್ನುತ್ತಿದ್ದ ಹುಡುಗಿಯರೆಲ್ಲ ಮರುದಿನವೇ ಚೀಟಿ ತಂದರು. ಎಷ್ಟೋ ಮನೆಯ ಕಪಾಟುಗಳ ಮೇಲೆ ಒಂದೇ ಕಾರಣಕ್ಕೆ ಪತ್ರ ಕೂತಿತ್ತು, ಬೆಕ್ಕಿಗೆ ಗಂಟೆ ಕಟ್ಟುವವರು ಇರಲಿಲ್ಲ ಅಷ್ಟೆ. "ಇದೆಂತ ಮಾಯೆ ಮಾರಾಯ್ರೆ!" ಎಂದು ಮಾಷ್ಟ್ರು ಚೀಟಿ ಜೋಡಿಸಿಕೊಂಡರು.

ಬಸ್ಸು ಕುಂದಾಪುರ ದಾಟಿ ಸೇತುವೆಗಳ ಮೇಲೆ ಸಾಗಿದಾಗ ಎರಡೂ ಕಡೆ ನೀರು ಹೊಳೆಯುತ್ತಿತ್ತು. ಕನಸಿನಲ್ಲಿ ಕಂಡಿದ್ದಕ್ಕಿಂತ ಚೆನ್ನಾಗಿತ್ತು ಎಂದು ಸಂತೋಷಪಟ್ಟೆ.

ಮೊದಲ ದಿನದ ಪಂದ್ಯ ಮುಗಿದು ಮುಸ್ಸಂಜೆಯಾಯಿತು. ಬೆಂಚುಗಳನ್ನು ಗೋಡೆಗೆ ಸರಿಸಿ ಚಾಪೆ ಹಾಸುತ್ತಿದ್ದೆವು. ಕೈಕಾಲು ತೊಳೆಯಲು ಹೋಗಿದ್ದ ನಾಯಕಿ ಬಾಗಿಲ ಬಳಿ ಬಂದು ನಿಂತಳು, ಒಳಗೆ ಬರಲಿಲ್ಲ. ಅಂಗಣದಲ್ಲಿ ಯಾರಿಗೂ ಹೆದರದ ಹುಡುಗಿ ಬಾಗಿಲ ಚೌಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು. "ನಂಗೆಂತದೋ ಪೆಟ್ಟಾಯ್ತ್, ರಕ್ತ ಬತ್ತಿತ್ತ್," ಎಂದಳು. ಅದು ಅವಳಿಗೆ ಮೊದಲ ಸಲ. ಅದರ ಬಗ್ಗೆ ಅವಳಿಗೆ ಯಾರೂ ಏನೂ ಹೇಳಿರಲಿಲ್ಲ.

ಹೊಲಿಗೆ ಟೀಚರು ಗಡಿಬಿಡಿ ಮಾಡಲಿಲ್ಲ. ಬ್ಯಾಗಿನಿಂದ ಪೊಟ್ಟಣ ತೆಗೆದು, ಹೆಗಲು ಬಳಸಿ, "ಪೆಟ್ಟಲ್ಲ ಹೆಣ್ಣೆ, ಬಾ" ಎಂದು ಕರೆದುಕೊಂಡು ಹೋದರು. ವಾಪಸು ಬಂದಾಗ ಅವಳ ಚಾಪೆ ನಮ್ಮೆಲ್ಲರ ನಡುವೆ ಹಾಸಿತ್ತು. ಯಾರೂ ಅದನ್ನು ಬೇರೆ ಹಾಸಬೇಕು ಎನ್ನಲಿಲ್ಲ. ನಾನು ಹಂಚಿನ ಸಂದಿಯ ಬೆಳಕು ನೋಡುತ್ತ, ಛತ್ರದಲ್ಲಾಗಿದ್ದರೆ ಈ ಹುಡುಗಿ ಈಗ ಯಾವ ಮೆಟ್ಟಿಲ ಮೇಲೆ ಕೂತಿರುತ್ತಿದ್ದಳು ಎಂದು ಯೋಚಿಸಿ ಬೆಚ್ಚಿದೆ. ಅಮ್ಮನ ಮೇಲೆ ಆ ಕ್ಷಣ ಬಂದಷ್ಟು ಪ್ರೀತಿ ನನಗೆ ಹಿಂದೆ ಬಂದದ್ದಿಲ್ಲ. ಮರುದಿನ ನಾಯಕಿ ತಾನಾಗಿಯೇ ಅಂಗಣಕ್ಕಿಳಿದು ಆಡಿದಳು. ಪಂದ್ಯ ಸೋತೆವು.

ಮರುವರ್ಷ ಕಾರ್ಕಳದ ಪಂದ್ಯಕ್ಕೆ ಮತ್ತೆ ಪತ್ರ ಕೊಟ್ಟರು. ಆ ಸಂಜೆ ನಾಯಕಿ ಸೈಕಲ್ ತುಳಿದುಕೊಂಡು ನಮ್ಮ ಮನೆಗೆ ಬಂದಳು. ಚೀಟಿಯಲ್ಲಿ ಅವಳ ಅಪ್ಪನ ಸಹಿ ಆಗಲೇ ಬಿದ್ದಿತ್ತು.

"ಅಪ್ಪಯ್ಯ ಓದದೇ ಹಾಕಿರ್," ಎಂದು ಅಮ್ಮನ ಕೈಗೆ ಪತ್ರ ಕೊಟ್ಟಳು. "ನೀವೊಂದ್ ಸಲ ಓದಿ ಕಾಣಿ."

ಅಮ್ಮ ಮೆಟ್ಟಿಲ ಮೇಲೆ ಕುಳಿತು ಸಾಲು ಸಾಲಾಗಿ ಓದಿದಳು. ಮತ್ತೊಮ್ಮೆ ಓದಿದಳು. ನನ್ನ ಪೆನ್ನು ಕೇಳಿ ತೆಗೆದುಕೊಂಡು, ಅವಳ ಅಪ್ಪನ ಹೆಸರಿನ ಕೆಳಗೆ ತನ್ನ ಹೆಸರು ಬರೆದಳು. ಎರಡು ಮನೆಯ ಸಹಿ ಇದ್ದ ಆ ಚೀಟಿಯನ್ನು ಪಿ.ಟಿ. ಮಾಷ್ಟ್ರು ಏನೂ ಕೇಳದೆ ತೆಗೆದುಕೊಂಡರು.