ಮೊದಲ ತಿಂಗಳು ಇಪ್ಪತ್ತು ಗಂಟೆ

ಉದ್ದನೆಯ ಹೆರಿಗೆ ರಜೆ ಮುಗಿಯುವ ಮುನ್ನ ಮ್ಯಾನೇಜರ್ ಜೊತೆ ಕೂತು ಗೊತ್ತುಮಾಡಿಕೊಂಡೆ: ಮೊದಲ ತಿಂಗಳು ವಾರಕ್ಕೆ ಇಪ್ಪತ್ತು ಗಂಟೆ, ಮುಂದಿನ ತಿಂಗಳು ಮೂವತ್ತು, ಆಮೇಲೆ ಪೂರ್ತಿ ನಲವತ್ತು.

“ಗಂಟೆ ಅರ್ಧ ಅಂದ್ರೆ ಕೆಲಸಾನೂ ಅರ್ಧ ಅಲ್ವಾ ಸಾರ್? ಲೇಟಾದ್ರೆ ಮಗಳು ಅಳ್ತಾಳೆ” ಎಂದು ಜಗಳಕ್ಕೇ ನಿಂತೆ. ಒಪ್ಪಿದರು.

ಮೊದಲ ದಿನ ಮಧ್ಯಾಹ್ನವೇ ಐಟಿ ಪಾರ್ಕಿನಿಂದ ಪಟ್ಟಂದೂರು ಅಗ್ರಹಾರದ ಬಾಡಿಗೆ ಮನೆಗೆ ಓಡೋಡಿ ಬಂದೆ. ಮಗಳನ್ನು ನೋಡಿಕೊಳ್ಳುತ್ತಿದ್ದ ಓನರ್ ಆಂಟಿ ಮುದ್ದೆ ಕಿವುಚಿ ಉಣ್ಣಿಸುತ್ತಿದ್ದರು. ಮಗಳು ನನ್ನನ್ನೊಮ್ಮೆ ನೋಡಿ, ಮತ್ತೆ ಆಂಟಿಯ ಕಡೆಗೇ ಬಾಯಿ ತೆರೆದಳು.

“ಇಷ್ಟ್ ಬೇಗ ಯಾಕ್ ಬಂದ್ಬಿಟ್ಟೆ? ಒಂಚೂರೂ ಅಳ್ಲಿಲ್ಲ ಕಣಮ್ಮ” ಎಂದರು ಆಂಟಿ.

ತಿಂಗಳ ಕೊನೆಗೆ ಮ್ಯಾನೇಜರ್ ಕೇಳಿದರು: “ಮೂವತ್ತು ಗಂಟೆಗೆ ಮಗಳು ರೆಡೀನಾ?”

“ಅವಳು ನಲವತ್ತಕ್ಕೂ ರೆಡಿ ಸಾರ್. ನಂಗೇ ಇನ್ನೊಂದ್ ತಿಂಗಳು ಇಪ್ಪತ್ತೇ ಇರ್ಲಿ.”