ಗೋಡೆ ಮೇಲೆ ಕಾಣದ ಗೆರೆ

ಪಾಲಿಬೆಟ್ಟದ ಕಡೆ ಮೀಟಿಂಗ್ ಅಂದರೆ ನಡುಹಗಲಿಗೇ ಇಡಬೇಕು. ಸಂಜೆ ಇಟ್ಟರೆ ಆನೆ ರಸ್ತೆಗಿಳಿಯುವ ಹೊತ್ತಾಗುತ್ತದೆ, ಒಬ್ಬರೂ ಬರುವುದಿಲ್ಲ. ಇದು ಗೊತ್ತಿದ್ದೂ ನಾನು ಮನೆಯ ಕತ್ತಲೆ ಕೋಣೆಯಲ್ಲಿ ಕೂತು ನೀರಿನ ಮಟ್ಟ ತೋರಿಸುವ ಗ್ರಾಫನ್ನು ಚಂದ ಮಾಡಿದ್ದೆ: ಕಡು ಹಸಿರು ಹಿನ್ನೆಲೆ, ಮೇಲೆ ನೂಲಿನಷ್ಟು ಸಣ್ಣ ಹಳದಿ, ಬೂದು ಗೆರೆಗಳು. ಲ್ಯಾಪ್‌ಟಾಪಿನಲ್ಲಿ ನೋಡಿ ನಾನೇ ಮೆಚ್ಚಿಕೊಂಡಿದ್ದೆ!

ಕಾಫಿ ಹೂವಿಗೆ ನೀರು ಹಾಯಿಸುವ ಕಾಲದಲ್ಲಿ ನಮ್ಮ ತೋಡಿಗೆ, ಅಂದರೆ ತೋಟಗಳ ನಡುವಿನ ಹಳ್ಳಕ್ಕೆ, ಎಲ್ಲರೂ ಒಟ್ಟಿಗೇ ಪಂಪು ಹಾಕುತ್ತಿದ್ದೆವು. ಕೆಳಗೆ ಕೂಲಿಯವರ ಲೈನ್ ಮನೆಗಳ ಕುಡಿಯುವ ನೀರಿನ ಪೈಪು ಇರುವುದೂ ಅದೇ ತೋಡಿನಲ್ಲಿ. ಸರದಿ ಪ್ರಕಾರ ಪಂಪು ಹಾಕುವುದಕ್ಕೆ ಅವತ್ತು ಒಪ್ಪಿಸದಿದ್ದರೆ ಅಲ್ಲಿಯ ಹೆಂಗಸರು ಬೇಸಿಗೆ ಪೂರ್ತಿ ಕೊಡ ಹೊತ್ತು ಸಾಯಬೇಕು. ಒಪ್ಪಬೇಕಾದವರು ಮೇಲಿನ ತೋಟದ ಅಂಕಲ್. ದೊಡ್ಡ ಪಂಪು ಅವರದೇ, ಅವರು ಹೂಂ ಅಂದರೆ ಉಳಿದವರೂ ಹೂಂ.

ಪ್ರೊಜೆಕ್ಟರಿನಲ್ಲಿ ಸ್ಲೈಡ್ ಹಾಕಿದೆ. ಅಯ್ಯೋ ದೇವರೇ! ಗೋಡೆ ಮೇಲೆ ಮಂಕು ಚೌಕವೊಂದು ಬಿಟ್ಟರೆ ಏನೂ ಇಲ್ಲ. ಮೀಟಿಂಗ್ ಹಾಲಿಗೆ ಮೂರು ಕಡೆ ಕಿಟಕಿ, ಒಂದಕ್ಕೂ ಪರದೆ ಇಲ್ಲ.

"ಎಂತ ಮಾರಾಯ್ತಿ, ಅದರಲ್ಲಿ ಏನಾದರೂ ಉಂಟಾ?" ಅಂದರು ಅಂಕಲ್. ಹಿಂದಿನ ಸಾಲು ನಕ್ಕಿತು. "ತೋಡು ಬತ್ತುವುದು ಬಿಸಿಲಿಗೆ, ಪಂಪಿಗಲ್ಲ. ಏಳಿ, ಊಟಕ್ಕೆ ಹೋಗುವ."

"ಒಂದು ಕಾಫಿ ಕುಡಿಯುವಷ್ಟು ಹೊತ್ತು ಕೊಡಿ ಅಂಕಲ್," ಅಂದೆ.

ಕಾಲೇಜಿನಲ್ಲಿ ಪಾಠ ಮಾಡುವ ನಾದಿನಿ ಪಕ್ಕಕ್ಕೆ ಬಂದು ಕೂತಳು. "ಅತ್ತಿಗೆ, ಪ್ರೊಜೆಕ್ಟರಿಗೆ ಕಪ್ಪು ಬಿಡಲು ಬರುವುದಿಲ್ಲ, ಬೆಳಕು ಮಾತ್ರ. ಇಷ್ಟು ಬೆಳಕಿನಲ್ಲಿ ನಿಮ್ಮ ಹಸಿರೂ ಹಳದಿಯೂ ಒಂದೇ. ಹಿನ್ನೆಲೆ ಬಿಳಿ ಮಾಡಿ, ಗೆರೆ ಕಪ್ಪು ಮಾಡಿ, ಬೆಳಕಿನ ನಡುವೆ ಅದು ನೆರಳಿನ ಹಾಗೆ ಕಾಣುತ್ತದೆ. ಬೆರಳಿನಷ್ಟು ದಪ್ಪ ಇರಲಿ."

ಅವಸರಕ್ಕೆ ಮೌಸ್ ಎಲ್ಲೆಲ್ಲೋ ಓಡುತ್ತಿತ್ತು. ಹಿಂದಿನ ವರ್ಷಗಳ ಗೆರೆಗಳನ್ನು ಅಳಿಸಿದೆ, ಎಷ್ಟು ಕಷ್ಟಪಟ್ಟು ಹಾಕಿದ್ದೆ! ಗ್ರಾಫಿನ ಚೌಕಳಿ ಗೆರೆಗಳನ್ನೂ ತೆಗೆದೆ. ಯಾವ ಬಣ್ಣ ಯಾವುದಕ್ಕೆ ಅಂತ ಹೇಳುವ ಮೂಲೆಯ ಸೂಚಿ ಕಿತ್ತುಹಾಕಿ, 'ತೋಡಿನ ನೀರು', 'ಪೈಪಿನ ಬಾಯಿ' ಅಂತ ಆಯಾ ಗೆರೆಯ ಪಕ್ಕದಲ್ಲೇ ದೊಡ್ಡದಾಗಿ ಬರೆದೆ. ನೀರಿನದು ದಪ್ಪ ಕಪ್ಪು ಗೆರೆ, ಪೈಪಿನದು ದಪ್ಪ ತುಂಡು ತುಂಡು ಗೆರೆ. ಅಷ್ಟರಲ್ಲಿ ಇಬ್ಬರು ಚಪ್ಪಲಿ ಹಾಕಿ ಹೊರಟೇ ಬಿಟ್ಟಿದ್ದರು.

ಮತ್ತೆ ಹಾಕಿದೆ. ಹೊರಟವರು ಬಾಗಿಲಲ್ಲೇ ನಿಂತರು. ಅಲ್ಲಿಗೂ ಕಾಣುತ್ತಿತ್ತು.

ಈ ವರ್ಷದ ಒಂದು ದಿನದ ಲೆಕ್ಕ ಅದು: ಬೆಳಿಗ್ಗೆ ಹತ್ತು ಗಂಟೆಗೆ ಪಂಪುಗಳು ಶುರುವಾದ ಕೂಡಲೇ ಗೆರೆ ಕೆಳಗಿಳಿದು, ಪೈಪಿನ ಬಾಯಿಗಿಂತ ತಗ್ಗಿಗೆ ಹೋಗಿತ್ತು. ಮಧ್ಯಾಹ್ನ ಒಂದು ಗಂಟೆಗೆ ನಿಲ್ಲಿಸಿದ ಮೇಲೆ, ಉರಿಬಿಸಿಲಲ್ಲೇ, ನಿಧಾನಕ್ಕೆ ಮೇಲೆ ಬಂದಿತ್ತು.

ಅಂಕಲ್ ಎದ್ದು ಗೋಡೆಯ ಹತ್ತಿರ ಹೋದರು. ಆ ತಗ್ಗಿನ ಮೇಲೆ ಬೆರಳಿಟ್ಟರು. ಆಮೇಲೆ ಜೇಬಿನಿಂದ ಫೋನ್ ತೆಗೆದು ತಮ್ಮ ತೋಟದ ಕೆಲಸ ನೋಡುವ ರೈಟರಿಗೆ ಕರೆ ಮಾಡಿದರು.

"ಪಂಪು ನಿಲ್ಲಿಸು. ಹೌದು, ಈಗಲೇ."

ನಾವು ಅಲ್ಲಿ ಕೂತು ಮಾತಾಡುತ್ತಿದ್ದಷ್ಟು ಹೊತ್ತೂ ಅವರ ಪಂಪು ಓಡುತ್ತಲೇ ಇತ್ತು.